ಮೆಕ್ಕೆಜೋಳದ 12 ಲಕ್ಷ ಬಾಕಿಗೆ ಫೋರ್ ಟ್ವೆಂಟಿ ಕಂಪ್ಲೇಂಟ್, ಭಾವನ್ನ ಸ್ಟೇಷನ್‌ಗೆ ಕರೀತಿದಾರೆ

ನಿಟ್ಟುವಳ್ಳಿ ಹುಡುಗ
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಐತೆ ಬೇಜಾರ್ ಮಾಡ್ಕೋಬೇಡ್ರಿ. ನಮ್ಮ ಭಾವ ದಾವಣಗೆರೆಲಿ ಮೆಕ್ಕೆಜೋಳದ ವ್ಯಾಪಾರ ಮಾಡ್ತಾರೆ, ಯಾರ್ಡ್‌ನ ಒಬ್ರು ದಲ್ಲಾಳಿ ಹತ್ರ ಉದ್ರಿ ಎತ್ತಿ ಕೋಳಿ ಫೀಡ್ ಮಾಡೋರಿಗೆ ಲೋಡ್ ಕಳಿಸೋದು. ನಾಕು ವರ್ಷದಿಂದ ಅದೇ ಅಂಗಡಿ, ಹಬ್ಬಕ್ಕೆ ಮನೆಗೆ ಬಂದು ಊಟ ಮಾಡಿ ಹೋಗಿರೋ ಜನ. ಕಳೆದ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಐದು ಲೋಡ್ ಎತ್ತಿದ್ರು, ಒಂದೊಂದು 25 ಟನ್, ಕ್ವಿಂಟಲ್‌ಗೆ 2200ರಂಗೆ ಲೋಡ್‌ಗೆ 5 ಲಕ್ಷ 50 ಸಾವಿರ, ಒಟ್ಟು 27 ಲಕ್ಷ 50 ಸಾವಿರ ಆಯ್ತು. ಅದರಾಗೆ 15 ಲಕ್ಷ 50 ಸಾವಿರ ಬ್ಯಾಂಕ್ ಮೂಲಕನೇ ಕೊಟ್ಟಾರೆ, 12 ಲಕ್ಷ ಬಾಕಿ. ಕೋಳಿ ರೇಟ್ ಬಿದ್ದು ಫೀಡ್‌ನೋರು ಇವರಿಗೆ ದುಡ್ಡು ಕೊಡ್ಲಿಲ್ಲ, ಇವರು ಅವರಿಗೆ ಕೊಡಕ್ಕಾಗ್ಲಿಲ್ಲ, ಅಷ್ಟೇ ವಿಷಯ.

ಈಗ ದಲ್ಲಾಳಿ ಹೋಗಿ ವಂಚನೆ, ನಂಬಿಕೆ ದ್ರೋಹ ಅಂತ ಸ್ಟೇಷನ್‌ನಾಗೆ ಅರ್ಜಿ ಕೊಟ್ಟಾರೆ. ಮೂರು ಸಲ ಫೋನ್ ಮಾಡಿ ಕರೆಸಿದ್ರು, ಕೊನೆ ಸಲ ಬೆಳಗ್ಗೆ ಹತ್ತಕ್ಕೆ ಹೋದೋರು ಸಂಜೆ ಏಳಕ್ಕೆ ಬಂದ್ರು. ಒಂದು ತಿಂಗಳಲ್ಲಿ ಪೂರ್ತಿ ಕೊಡ್ತೀನಿ, ಮೋಸ ಮಾಡಿದ್ದು ನಿಜ ಅಂತ ಬಾಂಡ್ ಪೇಪರ್ ಮೇಲೆ ಬರ್ಕೊಡು ಅಂತಾರಂತೆ, ಇಲ್ಲಾಂದ್ರೆ ಎಫ್‌ಐಆರ್. ಅಕ್ಕ ಎರಡು ದಿನದಿಂದ ಊಟ ಬಿಟ್ಟಾಳೆ. ಕೊಡಬೇಕಾದ ಬಾಕಿ ಕೊಡದೇ ಇದ್ರೆ ಅದು ಫೋರ್ ಟ್ವೆಂಟಿ ಆಗುತ್ತಾ? ಗೊತ್ತಿದ್ದೋರು ಹೇಳ್ರಿ.

ಬೆಣ್ಣೆದೋಸೆ 2 ಪ್ಲೇಟ್
ಆಗಲ್ಲ ಗುರು, ಬಿಲ್ಕುಲ್ ಆಗಲ್ಲ. ಇದು ಸಿವಿಲ್ ಮ್ಯಾಟರ್. ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಯುಪಿ ಪೊಲೀಸರಿಗೆ ಹೆಂಗೆ ಉಗೀತು ನೋಡ್ಲಿಲ್ವಾ, ಸಿವಿಲ್ ವಿಷಯನ ಕ್ರಿಮಿನಲ್ ಮಾಡ್ತಿದೀರಾ ಅಂತ. ಒಂದ್ಸಲ ಪಾರ್ಟ್ ಪೇಮೆಂಟ್ ಮಾಡಿದ್ರೆ ಚೀಟಿಂಗ್ ಕೇಸ್ ನಿಲ್ಲೋದೇ ಇಲ್ಲ, ನಿಮ್ಮ ಭಾವ ಅರ್ಧಕ್ಕಿಂತ ಜಾಸ್ತಿ ಕೊಟ್ಟಾರೆ. ಸ್ಟೇಷನ್‌ಗೆ ಹೋಗ್ಲೇಬೇಡಿ.

ತಕ್ಕಡಿ ಅಣ್ಣ
ಸ್ವಾಮಿ ನಾನೂ ಯಾರ್ಡ್‌ನಾಗೆ ಅಂಗಡಿ ಇಟ್ಟೋನೇ, ಈ ಕೇಸಿನ ದಲ್ಲಾಳಿ ನಾನಲ್ಲ ಮೊದ್ಲೇ ಹೇಳ್ಬಿಡ್ತೀನಿ. ಸಿವಿಲ್ ಸಿವಿಲ್ ಅಂತೀರಲ್ಲ, ರೈತ ಟ್ರಾಕ್ಟರ್ ನಿಲ್ಲಿಸ್ಕೊಂಡು ಕೂತಿರ್ತಾನೆ, ಅವನಿಗೆ ನಾವು ಕೈಯಿಂದ ದುಡ್ಡು ಎಣಿಸಿ ಕಳಿಸಿರ್ತೀವಿ, ಆ ದುಡ್ಡಿಗೆ ಬ್ಯಾಂಕ್ ಬಡ್ಡಿ ನಮ್ಮ ತಲೆ ಮೇಲೆ. ಖರೀದಿದಾರ ಆರಾಮಾಗಿ ಪಾರ್ಟಿ ಕೊಟ್ಟಿಲ್ಲ ಅಂತಾನೆ. ದಾವೆ ಹಾಕಿದ್ರೆ ಕೋರ್ಟ್ ಫೀ ನಮ್ದೇ, ವಕೀಲರ ಫೀ ನಮ್ದೇ, ಡಿಕ್ರಿ ಬರೋ ಹೊತ್ತಿಗೆ ಮಗಳ ಮದುವೆ ಆಗಿರುತ್ತೆ. ಸ್ಟೇಷನ್‌ಗೆ ಹೋದ್ರೆ ವಾರದಲ್ಲಿ ಒಂದು ಕಂತಾದ್ರೂ ಬರುತ್ತೆ. ಅದಕ್ಕೇ ಹೋಗ್ತಾರೆ, ಸೆಕ್ಷನ್ ಓದ್ಕೊಂಡು ಯಾರೂ ಹೋಗಲ್ಲ.

ದುರ್ಗದ ಕರಿಕೋಟು
ಚಿತ್ರದುರ್ಗದಾಗೆ ಹದಿನೇಳು ವರ್ಷದಿಂದ ವಕೀಲಿಕೆ ಮಾಡ್ತಿದೀನಿ, ಹೆಚ್ಚು ಕಮ್ಮಿ ಅರ್ಧ ಕೇಸುಗಳು ಇಂಥವೇ, ಚಳ್ಳಕೆರೆ ಎಣ್ಣೆ ಮಿಲ್ಲಿಂದು, ಶೇಂಗಾದ್ದು, ಈರುಳ್ಳಿದು.

ತಕ್ಕಡಿ ಅಣ್ಣ ಸತ್ಯ ಹೇಳಿದಾರೆ, ಅದೇ ಈ ರೋಗದ ಮೂಲ. ಸುಪ್ರೀಂ ಕೋರ್ಟ್ 2006ರಲ್ಲೇ ಇಂಡಿಯನ್ ಆಯಿಲ್ ಮತ್ತು ಎನ್‌ಇಪಿಸಿ ಕೇಸಲ್ಲಿ ಇದನ್ನೇ ಬರೆದಿದೆ, ಸಿವಿಲ್ ದಾರಿ ನಿಧಾನ ಅನ್ನೋ ಭಾವನೆಯಿಂದ ವ್ಯಾಪಾರದ ಜಗಳನ ಕ್ರಿಮಿನಲ್‌ಗೆ ತಿರುಗಿಸೋದು ಜಾಸ್ತಿ ಆಗ್ತಿದೆ, ಇದನ್ನ ತಡೀಬೇಕು ಅಂತ. ಆದ್ರೆ ಬೆಣ್ಣೆದೋಸೆಯವರೆ, ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ, ಸಿವಿಲ್ ಪರಿಹಾರ ಇದೆ ಅನ್ನೋ ಒಂದೇ ಕಾರಣಕ್ಕೆ ಕ್ರಿಮಿನಲ್ ಕೇಸ್ ಹಾಕಬಾರದು ಅಂತೇನಿಲ್ಲ. ಒಂದೇ ವ್ಯವಹಾರ ಎರಡೂ ಆಗಬಹುದು. ಹಂಗಾಗಿ ಪಾರ್ಟ್ ಪೇಮೆಂಟ್ ಮಾಡಿದೋನು ಪಾರು ಅಂತ ಕಣ್ಣು ಮುಚ್ಚಿ ಹೇಳಬೇಡಿ. ಮೊದಲ ಎರಡು ಲೋಡ್‌ಗೆ ಚೊಕ್ಕಟ ದುಡ್ಡು ಕೊಟ್ಟು ನಂಬಿಸಿ ಮೂರನೇದಕ್ಕೆ ಎತ್ತಾಕ್ಕೊಂಡು ಓಡೋರನ್ನ ನಾನೇ ನೋಡಿದೀನಿ.

ಕೋರ್ಟ್ ನೋಡೋದು ಒಂದೇ ಒಂದು, ಮಾಲು ತಗೊಳ್ಳೋ ಆ ಗಳಿಗೆಯಲ್ಲಿ ಈ ಮನುಷ್ಯನ ಮನಸ್ಸಲ್ಲಿ ಕೊಡೋ ಉದ್ದೇಶ ಇತ್ತಾ ಇಲ್ವಾ. ತಗೊಳ್ಳೋವಾಗ ಕೊಡಬೇಕು ಅಂತಲೇ ತಗೊಂಡು ಆಮೇಲೆ ಕೊಡಕ್ಕಾಗದೇ ಹೋದ್ರೆ, ಅಥವಾ ಆಮೇಲೆ ಬುದ್ಧಿ ಕೆಟ್ಟು ಕೊಡಲ್ಲ ಅಂದ್ರೂ, ಅದು ಕರಾರು ಮುರಿದಿದ್ದು. ತಗೊಳ್ಳೋವಾಗಲೇ ಸುಳ್ಳು ಹೇಳಿ, ಆ ಸುಳ್ಳು ನಂಬಿ ಎದುರಿನೋನು ಮಾಲು ಕೊಟ್ಟಿದ್ರೆ ಅದು ವಂಚನೆ. 2000ದಲ್ಲಿ ಹೃದಯ ರಂಜನ್ ವರ್ಮಾ ಕೇಸಿನಿಂದ ಹಿಡಿದು ಇವತ್ತಿನವರೆಗೂ ಇದೇ ಗೆರೆ. ಹಳೇ 420 ಈಗ ಹೊಸ ಸಂಹಿತೆಯಲ್ಲಿ 318(4) ಆಗಿದೆ, ನಂಬರ್ ಬದಲಾಯ್ತು ತಿರುಳು ಬದಲಾಗಿಲ್ಲ.

ಹಂಗಾಗಿ ತಮ್ಮಾ, 12 ಲಕ್ಷ ಬಾಕಿ ಅಂತ ಒಟ್ಟಿಗೆ ಹೇಳಿದ್ರೆ ನಂಗೇನೂ ಗೊತ್ತಾಗಲ್ಲ. ಒಂದೊಂದು ಲೋಡ್ ಯಾವ ತಾರೀಕು, ಯಾವ ದುಡ್ಡು ಯಾವತ್ತು ಹೋಯ್ತು, ಪ್ರತಿ ಲೋಡ್‌ಗೂ ಮುಂಚೆ ವಾಟ್ಸಾಪ್‌ನಾಗೆ ಏನೇನು ಮಾತಾಗಿದೆ, ಅದನ್ನ ಹಾಕು. ಹೆಸರು ಹಾಕಬೇಡ.

ನಿವೃತ್ತ ರೈಟರ್
ಸ್ಟೇಷನ್‌ಗೆ ಹೋಗಲೇಬೇಡಿ ಅಂತ ಮೇಲೆ ಯಾರೋ ಹೇಳಿದಾರೆ, ದಯವಿಟ್ಟು ಅಂಥ ಸಲಹೆ ಕೊಡಬೇಡಿ. ಇಪ್ಪತ್ತೆಂಟು ವರ್ಷ ಇಲಾಖೆಲಿ ಇದ್ದೋನು ನಾನು. ವ್ಯಾಪಾರದ ಗಲಾಟೆಗಳಲ್ಲಿ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತ ಲಲಿತಾ ಕುಮಾರಿ ಕೇಸಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅದರ ಪ್ರಕಾರ ಕರೆಸಿರ್ತಾರೆ. ಹೋಗದೇ ಇದ್ರೆ ತಲೆ ಮರೆಸ್ಕೊಂಡಿದಾನೆ ಅಂತ ಡೈರಿಯಲ್ಲಿ ಬರೀತಾರೆ, ಅದೇ ಉದ್ದೇಶಕ್ಕೆ ಸಾಕ್ಷಿ ಅಂತ ತಿರುಗುತ್ತೆ. ಹೋಗಿ, ಲೆಕ್ಕದ ಕಾಗದ ತಗೊಂಡು ಹೋಗಿ, ಉತ್ತರನ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಹಾಕಿಸ್ಕೊಂಡು ಬನ್ನಿ.

ದುರ್ಗದ ಕರಿಕೋಟು
ರೈಟರ್ ಸಾಹೇಬ್ರು ಹೇಳಿದ್ದಕ್ಕೆ ನಂದು ಸಹಿ, ಒಂದು ಸೇರಿಸ್ತೀನಿ. ಆ ವಿಚಾರಣೆ ಇರೋದು ಅಪರಾಧ ಕಾಣ್ತದಾ ಇಲ್ವಾ ಅಂತ ನೋಡೋಕೆ, ಬಾಕಿ ವಸೂಲಿ ಮಾಡಿಕೊಡೋಕೆ ಅಲ್ಲ. ಆ ಬಾಂಡ್‌ಗೆ ಸಹಿ ಹಾಕಬೇಡಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಲ್ಲಿ ಸಾಕ್ಷಿ ಆಗಲ್ಲ ಅನ್ನೋದು ನಿಜ, ಆದ್ರೆ ಅದೇ ಕಾಗದ ಪಂಚಾಯ್ತಿದಾರರ ಕೈಗೆ ಹೋಗಿ ಬೇರೆ ವೇಷದಲ್ಲಿ ವಾಪಸ್ ಬರುತ್ತೆ. ಬಾಕಿ ಇದೆ ಅಂತ ಒಪ್ಪೋದು ಬೇರೆ, ಮೋಸ ಮಾಡಿದೀನಿ ಅಂತ ಒಪ್ಪೋದು ಬೇರೆ. ಮೊದಲನೇದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ಹೊಳಲ್ಕೆರೆ ಅಡಿಕೆ
ಸಾರ್ ನಂದೂ ಹಿಂಗೇ ಒಂದೈತೆ. ಸೈಟ್‌ಗೆ 3 ಲಕ್ಷ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡ್ಕೊಂಡಿದ್ದೆ, ಅವನು ಅದನ್ನ ಬೇರೆಯೋರಿಗೆ ರಿಜಿಸ್ಟರ್ ಮಾಡಿಕೊಟ್ಟ. ಸ್ಟಾಂಪ್ ಪೇಪರ್ ಅಗ್ರಿಮೆಂಟ್ ಇದ್ದಿದ್ದಕ್ಕೆ ಇದು ಡೈರೆಕ್ಟ್ ಕ್ರಿಮಿನಲ್ ಆಗುತ್ತೆ ಅಲ್ವಾ? ಮೆಕ್ಕೆಜೋಳಕ್ಕೆ ಅಗ್ರಿಮೆಂಟ್ ಇಲ್ಲ ಅಂತ ಸಿವಿಲ್ ಆಗಿರಬೇಕು.

ಬೆಣ್ಣೆದೋಸೆ 2 ಪ್ಲೇಟ್
ಅಡಿಕೆ ಅಣ್ಣ ನೀನು ಬೇರೆ ಪೋಸ್ಟ್ ಹಾಕು, ಇಲ್ಲಿ ಕಲಸ್ಬೇಡ.

ನಿಟ್ಟುವಳ್ಳಿ ಹುಡುಗ
ಭಾವನ ಮೊಬೈಲ್ ತಗೊಂಡು ಕೂತು ಪಟ್ಟಿ ಮಾಡಿದೆ ಸಾರ್. ಮೊದಲ ಲೋಡ್ ಅಕ್ಟೋಬರ್ 20, ಎರಡನೇದು ನವೆಂಬರ್ 4, ಇವೆರಡರ 11 ಲಕ್ಷ ಪೂರ್ತಿ ಹೋಗೈತೆ. ಮೂರನೇದು ನವೆಂಬರ್ 19, ಇದಕ್ಕೆ ಡಿಸೆಂಬರ್ 12ಕ್ಕೆ ನಾಕೂವರೆ ಲಕ್ಷ ಹಾಕಿದಾರೆ, ಒಂದು ಲಕ್ಷ ಉಳೀತು. ನಾಕನೇದು ಡಿಸೆಂಬರ್ 6, ಐದನೇದು ಡಿಸೆಂಬರ್ 28, ಇವೆರಡಕ್ಕೆ ಒಂದು ರೂಪಾಯಿನೂ ಹೋಗಿಲ್ಲ.

ಮಾತುಕತೆ ಎಲ್ಲಾ ಮಾಮೂಲು, ಮಾಲು ಎಷ್ಟು ತೇವ ಐತೆ, ಲಾರಿ ನಂಬರ್, ತೂಕದ ಚೀಟಿ ಫೋಟೋ, ಅಷ್ಟೇ.

ಖಾತೆ ಕಿರ್ದಿ
ನಾನು ಲೆಕ್ಕ ಬರೆಯೋ ಕೆಲಸ ಮಾಡ್ತೀನಿ, ಯಾರ್ಡ್‌ನ ಮೂರು ಅಂಗಡಿ ನನ್ನ ಕೈಯಲ್ಲಿವೆ. ಒಂದು ಸಣ್ಣ ವಿಷಯ ಕೇಳಿ. ನಾಕನೇ ಲೋಡ್ ಡಿಸೆಂಬರ್ 6ಕ್ಕೆ ಹೋಗಿದೆ, ಐದನೇದು 28ಕ್ಕೆ. ಅದಕ್ಕೆ ಮುಂಚೆ ಎಲ್ಲಾ ಹದಿನೈದು ಹದಿನೇಳು ದಿನದ ಅಂತರ, ಇಲ್ಲಿ ಮಾತ್ರ ಇಪ್ಪತ್ತೆರಡು ದಿನ ಆಗಿದೆ. ಅಂದ್ರೆ ದಲ್ಲಾಳಿ ಕೈ ಹಿಡಿದಿದ್ದಾರೆ. ಹಳೇ ಬಾಕಿ ತೀರಿಸದೇ ಮಾಲು ಕೊಡಲ್ಲ ಅಂತ ಎಲ್ಲಾ ಅಂಗಡಿಯಲ್ಲೂ ಒಂದು ಹಂತದಲ್ಲಿ ಹೇಳೇ ಹೇಳ್ತಾರೆ. ಮತ್ತೆ 28ಕ್ಕೆ ಯಾಕೆ ಕೊಟ್ಟರು? ಡಿಸೆಂಬರ್ 20ರಿಂದ 28ರ ತನಕದ ಮೆಸೇಜ್ ಇನ್ನೊಂದ್ಸಲ ನೋಡಪ್ಪ.

ದುರ್ಗದ ಕರಿಕೋಟು
ಕಿರ್ದಿ ಮೇಡಂ ಅವರೇ, ನೀವು ವಕೀಲರಾಗಬೇಕಿತ್ತು.

ನಿಟ್ಟುವಳ್ಳಿ ಹುಡುಗ
ಸಾರ್ ಬರೆಯೋಕೆ ಕೈ ಬರ್ತಿಲ್ಲ ಆದ್ರೂ ಬರೀತೀನಿ. ಡಿಸೆಂಬರ್ 25ಕ್ಕೆ ದಲ್ಲಾಳಿ ವಾಯ್ಸ್ ಮೆಸೇಜ್ ಹಾಕಿದಾರೆ, ಹಳೇದು ಬರೋ ತನಕ ಒಂದು ಚೀಲನೂ ಎತ್ತಂಗಿಲ್ಲ ಅಂತ. 26ಕ್ಕೆ ಭಾವ ಟೈಪ್ ಮಾಡಿದಾರೆ, "ಪಾರ್ಟಿ ದುಡ್ಡು ನನ್ನ ಅಕೌಂಟ್‌ಗೆ ಬಂದೈತೆ, ಬ್ಯಾಂಕ್‌ನಾಗೆ ಏನೋ ಹೋಲ್ಡ್, ಸೋಮವಾರ ಆರ್‌ಟಿಜಿಎಸ್ ಗ್ಯಾರಂಟಿ, ಲಾರಿ ಕರೆಸಿದೀನಿ ನಿಲ್ಲಿಸಬೇಡ" ಅಂತ. ಸ್ಟೇಟ್‌ಮೆಂಟ್ ನೋಡಿದೆ, ಅವತ್ತು ಅಕೌಂಟ್‌ನಾಗೆ ಇದ್ದಿದ್ದು 38 ಸಾವಿರ. ಯಾವ ದುಡ್ಡೂ ಬಂದಿರ್ಲಿಲ್ಲ, ಹೋಲ್ಡೂ ಇರ್ಲಿಲ್ಲ.

ಭಾವನ್ನ ಕೇಳಿದ್ರೆ ಬಂದೇ ಬರುತ್ತೆ ಅಂತ ನಂಬಿಕೆ ಇತ್ತು ಅದಕ್ಕೆ ಹಂಗೆ ಹೇಳ್ದೆ ಅಂತಾರೆ. ವ್ಯಾಪಾರದಲ್ಲಿ ಎಲ್ರೂ ಹಂಗೆ ಹೇಳ್ತಾರಲ್ವಾ?

ತಕ್ಕಡಿ ಅಣ್ಣ
ಎಲ್ರೂ ಹೇಳ್ತಾರೆ ನಿಜ. ಆದ್ರೆ ದುಡ್ಡು ಬರುತ್ತೆ ಅನ್ನೋದು ಬೇರೆ, ಬಂದೈತೆ ಅನ್ನೋದು ಬೇರೆ ಕಣಪ್ಪ. ಬರುತ್ತೆ ಅಂದಿದ್ರೆ ಆ ದಲ್ಲಾಳಿ ಲಾರಿಗೆ ಹಮಾಲರನ್ನ ಹತ್ತಿಸ್ತಿರ್ಲಿಲ್ಲ.

ದುರ್ಗದ ಕರಿಕೋಟು
ತಕ್ಕಡಿ ಅಣ್ಣ ಒಂದೇ ಸಾಲಲ್ಲಿ ಹೇಳ್ಬಿಟ್ರು, ನಾನು ಬಿಡಿಸಿ ಹೇಳ್ತೀನಿ.

ಮುಂದೆ ನಡೆಯೋದರ ಬಗ್ಗೆ ಕೊಟ್ಟ ಮಾತು ತಪ್ಪಿದ್ರೆ ಸಾಮಾನ್ಯಕ್ಕೆ ಅದು ಬರೀ ಮಾತು ತಪ್ಪಿದ್ದು. ಆದ್ರೆ ಆಗಲೇ ನಡೆದುಹೋಗಿದೆ ಅಂತ ಇಲ್ಲದ ಸಂಗತಿ ಹೇಳಿದ್ರೆ, ಅದು ಸುಳ್ಳು ಅಂತ ಹೇಳೋನಿಗೆ ಅದೇ ಕ್ಷಣದಲ್ಲಿ ಗೊತ್ತಿರುತ್ತೆ. 25ಕ್ಕೆ ಮಾಲು ಇಲ್ಲ ಅಂದೋರು 28ಕ್ಕೆ ಕೊಟ್ಟಿದ್ದಾರೆ, ನಡುವೆ ಇರೋದು 26ರ ಆ ಮೆಸೇಜ್ ಒಂದೇ. ಸುಳ್ಳು, ಆ ಸುಳ್ಳು ನಂಬಿ ಕೊಟ್ಟಿದ್ದು, ನಷ್ಟ ಆಗಿದ್ದು, ಮೂರೂ ಒಂದೇ ದಾರದಲ್ಲಿ ಪೋಣಿಸಿದಂಗಿದೆ.

ಹಂಗಂತ 12 ಲಕ್ಷನೂ ವಂಚನೆ ಅಲ್ಲ. ಮೊದಲ ನಾಕು ಲೋಡ್ ತಗೊಳ್ಳೋವಾಗ ಇಂಥ ಸುಳ್ಳು ಯಾವುದೂ ಇಲ್ಲ, ನಾಕು ವರ್ಷದ ವ್ಯವಹಾರ, ದುಡ್ಡು ಹೋಗ್ತಾ ಇತ್ತು. ಆ ಆರೂವರೆ ಲಕ್ಷ ಏನಿದೆ ಅದು ಚೊಕ್ಕ ಸಿವಿಲ್ ಬಾಕಿ, ಅದಕ್ಕೆ ಯಾರು ಏನೇ ಬರೆದ್ರೂ ಕ್ರಿಮಿನಲ್ ಬಣ್ಣ ಹತ್ತಲ್ಲ. ತಲೆನೋವು ಇರೋದು ಐದನೇ ಲೋಡಿನ ಐದೂವರೆ ಲಕ್ಷಕ್ಕೆ. ದಲ್ಲಾಳಿ ಅರ್ಜಿಯಲ್ಲಿ ಎಲ್ಲಾ ಒಟ್ಟಿಗೆ ಸೇರಿಸಿ, ಮೊದಲಿಂದಲೂ ಮೋಸದ ಉದ್ದೇಶ ಇತ್ತು ಅಂತ ಬರೆಸಿರ್ತಾರೆ, ಎಲ್ಲಾ ಕಂಪ್ಲೇಂಟಲ್ಲೂ ಆ ಸಾಲು ಅಚ್ಚು ಹಾಕಿದಂಗೆ ಇರುತ್ತೆ. ಆ ಸಾಲಿಗೆ ಬೆಲೆ ಇಲ್ಲ, 26ರ ಮೆಸೇಜ್‌ಗೆ ಇದೆ.

ಇನ್ನೊಂದು ಕೇಳ್ತೀನಿ, ನಿಜ ಹೇಳು. ಐದನೇ ಲೋಡ್ ಎಲ್ಲಿಗೆ ಹೋಯ್ತು? ಫೀಡ್‌ನೋರಿಗೇನಾ?

ನಿಟ್ಟುವಳ್ಳಿ ಹುಡುಗ
ಇಲ್ಲ ಸಾರ್. ಅಕ್ಕ ಈಗ ಹೇಳಿದ್ಲು. ಬೇರೆ ಯಾರಿಗೋ 2100ರಂಗೆ ಸ್ಪಾಟ್ ಪೇಮೆಂಟ್‌ಗೆ ಕೊಟ್ರಂತೆ, 5 ಲಕ್ಷ 25 ಸಾವಿರ ಬಂತು. ಲಾರಿ ಬಾಡಿಗೆ ಹೋಗಿ ಉಳಿದಿದ್ದು ಫೈನಾನ್ಸ್‌ನೋರಿಗೆ ಕಟ್ಟಿದಾರೆ, ಮನೆ ಪತ್ರ ಇಟ್ಟಿದ್ರು ಅಲ್ಲಿ, ಜಪ್ತಿ ನೋಟಿಸ್ ಬಂದಿತ್ತು.

ಬೆಣ್ಣೆದೋಸೆ 2 ಪ್ಲೇಟ್
ಅಯ್ಯೋ. ನಾನು ಹೇಳಿದ್ದು ವಾಪಸ್ ತಗೊಂಡೆ ಗುರು.

ದುರ್ಗದ ಕರಿಕೋಟು
ಪೂರ್ತಿ ವಾಪಸ್ ತಗೋಬೇಡಿ. ತೂಕ ಆಗಿ ಬಿಲ್ ಹರಿದು ಲಾರಿ ಹೊರಟ ಮೇಲೆ ಮಾಲು ಖರೀದಿದಾರನದ್ದೇ, ಅವನು ನಷ್ಟಕ್ಕೆ ಮಾರಿದ್ರೂ ಅದೇ ತಪ್ಪಲ್ಲ, ಬಂದ ದುಡ್ಡು ಎಲ್ಲಿಗೆ ಕಟ್ಟಿದ್ರೂ ಅದೇ ತಪ್ಪಲ್ಲ. ಅದಕ್ಕೇ ಅರ್ಜಿಯಲ್ಲಿರೋ ನಂಬಿಕೆ ದ್ರೋಹ, ಅಂದ್ರೆ 316, ಇಲ್ಲಿ ಕೂರೋದೇ ಇಲ್ಲ. ನನ್ನ ವಸ್ತು ನಿನ್ನ ಹತ್ರ ಇಟ್ಕೋ ಅಂತ ಒಪ್ಪಿಸಿದ್ರೆ ಆ ಸೆಕ್ಷನ್, ಮಾರಿದ ವಸ್ತುವಿನ ಬೆಲೆ ಬಾಕಿ ಉಳಿದ್ರೆ ಅಲ್ಲ.

ಇದಕ್ಕೆ ಅಚ್ಚುಕಟ್ಟಾದ ತೀರ್ಪು 2024ರ ಆಗಸ್ಟ್‌ನಲ್ಲಿ ಬಂದಿದೆ. ಡೆಲ್ಲಿ ರೇಸ್ ಕ್ಲಬ್‌ಗೆ ಒಬ್ಬರು ಕುದುರೆ ತಿನ್ನೋ ಕಾಳು, ಓಟ್ಸ್ ವರ್ಷಾನುಗಟ್ಟಲೆ ಕೊಡ್ತಿದ್ರು, 9 ಲಕ್ಷ ಚಿಲ್ಲರೆ ಬಾಕಿ ನಿಂತಿತು, ಅವರು ಹೋಗಿ ವಂಚನೆ ಮತ್ತು ನಂಬಿಕೆ ದ್ರೋಹ ಅಂತ ಕಂಪ್ಲೇಂಟ್ ಹಾಕಿದ್ರು, ಮ್ಯಾಜಿಸ್ಟ್ರೇಟ್ ಸಮನ್ಸ್ ಕೊಟ್ರು, ಹೈಕೋರ್ಟ್ ರದ್ದು ಮಾಡಲ್ಲ ಅಂತು. ಸುಪ್ರೀಂ ಕೋರ್ಟ್ ರದ್ದು ಮಾಡ್ತು. ಕೋಳಿ ಜಾಗದಲ್ಲಿ ಕುದುರೆ, ಅಷ್ಟೇ ವ್ಯತ್ಯಾಸ. ಈ ಎರಡು ಅಪರಾಧ ಒಂದೇ ಸಂಗತಿ ಮೇಲೆ ಜೊತೆಗೆ ಇರೋಕೆ ಆಗಲ್ಲ, ಪೊಲೀಸರಿಗೆ ಇದರ ಬಗ್ಗೆ ತರಬೇತಿ ಬೇಕು ಅಂತಲೂ ಹೇಳಿದ್ರು. ಒಂದರಲ್ಲಿ ಮೊದಲಿಂದ ಮೋಸ, ಇನ್ನೊಂದರಲ್ಲಿ ನ್ಯಾಯವಾಗಿ ಕೈಗೆ ಬಂದದ್ದನ್ನ ಆಮೇಲೆ ನುಂಗೋದು. ಎರಡೂ ಸೆಕ್ಷನ್ ಅವಳಿ ಮಕ್ಕಳಂಗೆ ಜೊತೆಗೆ ಹಾಕೋ ಅಭ್ಯಾಸ ಮಾತ್ರ ನಮ್ಮ ಕಡೆ ಇನ್ನೂ ಹೋಗಿಲ್ಲ.

ಆದ್ರೆ ಆ ಮಾರಾಟ ಅಪರಾಧ ಅಲ್ಲದಿದ್ರೂ ಸಾಕ್ಷಿ ಆಗುತ್ತೆ. 26ಕ್ಕೆ ಸುಳ್ಳು, 28ಕ್ಕೆ ಮಾಲು, ಮಾಮೂಲು ಪಾರ್ಟಿಗೆ ಕೊಡದೇ ಕೊಂಡ ಬೆಲೆಗಿಂತ ನೂರು ರೂಪಾಯಿ ಕಮ್ಮಿಗೆ ಕೈಗೆ ದುಡ್ಡು. ಕೊಡೋ ಉದ್ದೇಶ ಇದ್ದಿದ್ರೆ ಹಿಂಗೆ ಮಾಡ್ತಿದ್ನಾ ಅಂತ ಸರ್ಕಾರಿ ವಕೀಲರು ಕೇಳೇ ಕೇಳ್ತಾರೆ.

ನಿವೃತ್ತ ರೈಟರ್
ನನಗೆ ಇಲ್ಲಿ ವಕೀಲರ ಮೇಲೆ ಸ್ವಲ್ಪ ಭಿನ್ನಾಭಿಪ್ರಾಯ ಐತೆ. ಮನೆ ಜಪ್ತಿಗೆ ಬಂದಾಗ ಒಬ್ಬ ಮನುಷ್ಯ ಒಂದು ಸುಳ್ಳು ಹೇಳಿ ಟೈಮ್ ತಗೊಂಡ, ಆಮೇಲೂ ಊರಲ್ಲೇ ಇದಾನೆ, ಫೋನ್ ತೆಗೀತಾನೆ, ಬಾಕಿ ಒಪ್ತಾನೆ. ಮೋಸಗಾರ ಅಂದ್ರೆ ನಾವು ನೋಡಿರೋರು ಬೇರೆ ತರ, ಸಿಮ್ ಮುರಿದು ಹಾಕಿ ಹೋಗಿರ್ತಾರೆ. ನಾಕು ವರ್ಷದ ಲೆಕ್ಕ ಒಟ್ಟಿಗೆ ನೋಡಿದ್ರೆ ನನಗೆ ಇದರಲ್ಲಿ ವಂಚಕ ಕಾಣಲ್ಲ, ಸಾಲದಲ್ಲಿ ಮುಳುಗಿರೋನು ಕಾಣ್ತಾನೆ.

ದುರ್ಗದ ಕರಿಕೋಟು
ಸಾಹೇಬ್ರೆ ಡಿಫೆನ್ಸ್‌ನಲ್ಲಿ ನಾನೂ ಅದನ್ನೇ ವಾದ ಮಾಡ್ತೀನಿ, ಒಪ್ಪೋ ಜಡ್ಜ್‌ಗಳೂ ಇದಾರೆ. ಓಡಿಹೋಗದೇ ಇರೋದು, ಬಾಕಿ ಒಪ್ಪೋದು ನಮ್ಮ ಕಡೆ ತೂಕ. ಆದ್ರೆ ಕೇಸ್ ರದ್ದು ಮಾಡಿ ಅಂತ ಬೆಂಗಳೂರಿಗೆ ಹೋದಾಗ ಹೈಕೋರ್ಟ್ ಅಲ್ಲಿ ಸಾಕ್ಷಿ ತೂಗೋಕೆ ಕೂರಲ್ಲ, ಕಂಪ್ಲೇಂಟಲ್ಲಿ ಇರೋದನ್ನ ಹಂಗೇ ನಿಜ ಅಂತ ಇಟ್ಕೊಂಡು ಅಪರಾಧದ ಅಂಶ ಕಾಣ್ತದಾ ಅಂತ ಮಾತ್ರ ನೋಡ್ತಾರೆ. ಆ ಮೆಸೇಜ್ ಕಂಪ್ಲೇಂಟಿಗೆ ಅಂಟಿಸಿದ್ರೆ ಐದನೇ ಲೋಡಿನ ಮಟ್ಟಿಗೆ ರದ್ದು ಆಗುತ್ತೆ ಅಂತ ನಾನು ಕಕ್ಷಿದಾರನಿಗೆ ಮಾತು ಕೊಡಲ್ಲ. ಇನ್ನೊಂದು ತಮಾಷೆ, ರದ್ದತಿ ಅರ್ಜಿಗೆ ಎಲ್ರ ಬಾಯಲ್ಲೂ 482 ಅಂತಲೇ ಇದೆ, ಹೊಸ ಕಾನೂನಲ್ಲಿ ಅದು 528. ಈಗಿನ 482 ನಿರೀಕ್ಷಣಾ ಜಾಮೀನು. ಮೊನ್ನೆ ಒಬ್ಬರು ಜೂನಿಯರ್ ರದ್ದತಿಗೆ ಬಂದ ಕಕ್ಷಿದಾರನಿಗೆ ಜಾಮೀನು ಅರ್ಜಿ ಟೈಪ್ ಮಾಡಿಸಿಟ್ಟಿದ್ರು.

ತಕ್ಕಡಿ ಅಣ್ಣ
ರೈಟರ್ ಸಾಹೇಬ್ರು ಸಿಮ್ ಮುರಿದೋರು ಅಂದಿದ್ದಕ್ಕೆ ನಂದು ಹೇಳ್ತೀನಿ. ಎರಡು ವರ್ಷದ ಹಿಂದೆ ಹೊರಗಿನ ಊರೋನೊಬ್ಬ ಬಂದು ಅಂಗಡಿ ಬಾಡಿಗೆಗೆ ಹಿಡಿದ, ಎರಡು ತಿಂಗಳು ಸಣ್ಣ ಸಣ್ಣ ಲಾಟ್ ನಗದು ಕೊಟ್ಟು ಎತ್ತಿದ, ಒಂದು ಶುಕ್ರವಾರ ನಾಕು ಅಂಗಡಿಯಿಂದ ನಾಕು ಲೋಡ್ ಎತ್ತಿ ಎಲ್ರಿಗೂ ಚೆಕ್ ಕೊಟ್ಟ, ಸೋಮವಾರ ಅಂಗಡಿಗೆ ಬೀಗ. ಚೆಕ್ ಹಾಕಿದ್ರೆ ಆ ಅಕೌಂಟ್ ಆರು ತಿಂಗಳ ಹಿಂದೆನೇ ಕ್ಲೋಸ್ ಆಗಿತ್ತು. ಸ್ಟೇಷನ್‌ಗೆ ಹೋದ್ರೆ ವ್ಯವಹಾರದ ವಿಷಯ, ಸಿವಿಲ್‌ಗೆ ಹೋಗ್ರಿ ಅಂದ್ರು! ಬಾಕಿದಾರನನ್ನ ಕೂರಿಸ್ಕೊಂತಾರೆ, ಕಳ್ಳನನ್ನ ಸಿವಿಲ್ ಅಂತಾರೆ.

ದುರ್ಗದ ಕರಿಕೋಟು
ನಿಮ್ಮದು ನೂರಕ್ಕೆ ನೂರು ವಂಚನೆ. ಕ್ಲೋಸ್ ಆಗಿದೆ ಅಂತ ಗೊತ್ತಿದ್ದ ಅಕೌಂಟಿನ ಚೆಕ್ ಕೊಟ್ಟಿದ್ದಕ್ಕಿಂತ, ಒಂದೇ ದಿನ ನಾಕು ಅಂಗಡಿಗೂ ಅದೇ ಆಟ ಆಡಿದ್ದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ. ಅವತ್ತು ನಾಕೂ ಜನ ಸೇರಿ ಎಸ್‌ಪಿಗೆ ಬರವಣಿಗೆಯಲ್ಲಿ ಕೊಟ್ಟು, ಅಲ್ಲೂ ಆಗದಿದ್ರೆ ಅಫಿಡವಿಟ್ ಹಾಕಿ ಮ್ಯಾಜಿಸ್ಟ್ರೇಟ್ ಹತ್ರ ಹೋಗಿದ್ರೆ ತನಿಖೆಗೆ ಆದೇಶ ಮಾಡಿಸಬಹುದಿತ್ತು. ಈಗಲೂ ಆಗುತ್ತೆ, ಏಳು ವರ್ಷ ಶಿಕ್ಷೆಯ ಅಪರಾಧಕ್ಕೆ ಕಾಲಮಿತಿ ಅಡ್ಡ ಬರಲ್ಲ, ತಡ ಯಾಕಾಯ್ತು ಅಂತ ಹೇಳಬೇಕಾಗುತ್ತೆ ಅಷ್ಟೆ.

ಖಾತೆ ಕಿರ್ದಿ
ಹುಡುಗನಿಗೆ ಒಂದು ಪ್ರಶ್ನೆ. ನಿಮ್ಮ ಭಾವ ಆ ಅಂಗಡಿಗೆ ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದಾರಾ? ನಮ್ಮ ಅಂಗಡಿಗಳಲ್ಲಿ ಉದ್ರಿ ಖಾತೆ ತೆಗೆಯೋವಾಗಲೇ ಒಂದು ಇಸ್ಕೊಂತಾರೆ.

ನಿಟ್ಟುವಳ್ಳಿ ಹುಡುಗ
ಹೌದು ಮೇಡಂ, ಒಂದು ಕೊಟ್ಟಾರೆ. ಸೆಕ್ಯೂರಿಟಿಗೆ ಅಂತ ಕೊಟ್ಟಿದ್ದು, ಅದನ್ನ ಹಾಕಂಗಿಲ್ಲ ಅಲ್ವಾ?

ದುರ್ಗದ ಕರಿಕೋಟು
ಹಾಕಬಹುದು. ಬಾಕಿ ನಿಜವಾಗಲೂ ಇದ್ದಾಗ ಸೆಕ್ಯೂರಿಟಿ ಚೆಕ್ಕಿಗೂ ಕೇಸ್ ನಿಲ್ಲುತ್ತೆ, ಇಬ್ಬರ ನಡುವೆ ಒಪ್ಪಿಕೊಂಡು ಕೊಟ್ಟ ಖಾಲಿ ಚೆಕ್ ತುಂಬಿದ್ರೂ ನಿಲ್ಲುತ್ತೆ. ದಲ್ಲಾಳಿ ವಕೀಲ ನಾನಾಗಿದ್ರೆ ಸ್ಟೇಷನ್ ಬಾಗಿಲಿಗೇ ಕಳಿಸ್ತಿರಲಿಲ್ಲ. ಚೆಕ್ ಹಾಕಿಸಿ, ಬೌನ್ಸ್ ಆದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕೊಟ್ಟು, 15 ದಿನ ಕಾದು, ಅದಾದ ಒಂದು ತಿಂಗಳೊಳಗೆ ಚೆಕ್ ಬೌನ್ಸ್‌ನ 138 ಕೇಸ್ ಹಾಕಿಸ್ತಿದ್ದೆ. ಅಲ್ಲಿ ಮೊದಲಿಂದ ಮೋಸದ ಉದ್ದೇಶ ಇತ್ತಾ ಅಂತ ಯಾರೂ ಕೇಳಲ್ಲ, ಬಾಕಿ ಇದೆಯಾ ಚೆಕ್ ನಿಂದಾ ಅಷ್ಟೇ. ಜೊತೆಗೆ ಪೂರ್ತಿ 12 ಲಕ್ಷಕ್ಕೆ ಬಡ್ಡಿ ಸಮೇತ ದಾವೆ. ಮೂರು ಲಕ್ಷದ ಮೇಲಿನ ವ್ಯಾಪಾರದ ದಾವೆ ಈಗ ಕಮರ್ಷಿಯಲ್ ಕೋರ್ಟ್‌ಗೆ ಹೋಗುತ್ತೆ, ಅರ್ಜೆಂಟ್ ತಡೆಯಾಜ್ಞೆ ಬೇಕಿಲ್ಲದಿದ್ರೆ ಮೊದಲು ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆಗೆ ಕೂರಲೇಬೇಕು. ಮಾಲು ಕೊಟ್ಟು ಮೂರು ವರ್ಷದೊಳಗೆ ಹಾಕಬೇಕು. ಎಷ್ಟೋ ಜನ ಸ್ಟೇಷನ್ ಅಲೆದು ಅಲೆದು ಆ ಮೂರು ವರ್ಷ ಕಳ್ಕೊಂಡು ನನ್ನ ಹತ್ರ ಬರ್ತಾರೆ.

ತಕ್ಕಡಿ ಅಣ್ಣ
ಮಧ್ಯಸ್ಥಿಕೆ ನೋಟಿಸ್‌ಗೆ ಎದುರಿನೋನು ಬರದೇ ಇದ್ರೆ?

ದುರ್ಗದ ಕರಿಕೋಟು
ಬರಲಿಲ್ಲ ಅಂತ ವರದಿ ಕೊಡ್ತಾರೆ, ಅದನ್ನ ಇಟ್ಟು ದಾವೆ ಹಾಕೋದು. ನಿಧಾನ ಅನ್ನೋದನ್ನ ನಾನು ಅಲ್ಲಗಳೆಯಲ್ಲ ಅಣ್ಣ.

ನಿಟ್ಟುವಳ್ಳಿ ಹುಡುಗ
ಅಪ್‌ಡೇಟ್. ಇವತ್ತು ಎಫ್‌ಐಆರ್ ಆಯ್ತು ಸಾರ್. 316(2), 318(4) ಎರಡೂ ಹಾಕಿದಾರೆ ನೀವು ಹೇಳಿದಂಗೇ. ಹಾಜರಾಗಿ ಅಂತ 35(3) ನೋಟಿಸ್ ಕೊಟ್ಟಾರೆ, ಗುರುವಾರಕ್ಕೆ. ಅರೆಸ್ಟ್ ಮಾಡ್ತಾರಾ?

ನಿವೃತ್ತ ರೈಟರ್
ಏಳು ವರ್ಷದೊಳಗಿನ ಶಿಕ್ಷೆಯ ಕೇಸಿಗೆ ಹಂಗೆ ಸುಮ್ಮನೆ ಹಿಡಿಯಂಗಿಲ್ಲ, 2014ರ ಅರ್ನೇಶ್ ಕುಮಾರ್ ತೀರ್ಪಿನಿಂದ ಕಾರಣ ಬರೀಬೇಕು. ನೋಟಿಸ್ ಕೊಟ್ಟಿದಾರೆ ಅಂದ್ರೆ ಅರ್ಧ ಭಯ ಬಿಡಿ, ಆದ್ರೆ ಗುರುವಾರ ತಪ್ಪಿಸಬೇಡಿ, ತಪ್ಪಿಸಿದ್ರೆ ಅದೇ ಕಾರಣ ಆಗುತ್ತೆ. ಮೊಬೈಲ್‌ನಾಗಿನ ಮೆಸೇಜ್ ಏನಾದ್ರೂ ಅಳಿಸೋಕೆ ಹೋಗಬೇಡ ಮರಿ, ಎದುರಿನೋರ ಮೊಬೈಲ್‌ನಾಗೆ ಇದ್ದೇ ಇರುತ್ತೆ.

ದುರ್ಗದ ಕರಿಕೋಟು
ಗುರುವಾರಕ್ಕೆ ಮುಂಚೆ ದಾವಣಗೆರೆಯಲ್ಲೇ ಒಬ್ಬ ಕ್ರಿಮಿನಲ್ ವಕೀಲರನ್ನ ನೋಡಿ, ನಿರೀಕ್ಷಣಾ ಜಾಮೀನು ಬೇಕಾ ಬೇಡ್ವಾ ಅವರು ಕಾಗದ ನೋಡಿ ಹೇಳಲಿ. ನಾನು ಹೇಳೋದು ಇಷ್ಟು, ಐದನೇ ಲೋಡಿನ ಐದೂವರೆ ಲಕ್ಷ ಹೆಂಗಾದ್ರೂ ಮಾಡಿ ಮೊದಲು ಹೊಂದಿಸಿ, ಬ್ಯಾಂಕ್ ಮೂಲಕ, 28ರ ಬಿಲ್ ಬಾಬ್ತು ಅಂತ ಬರೆದೇ ಹಾಕಿ. ಬರೀದೇ ಹಾಕಿದ್ರೆ ಅಂಗಡಿಯೋರು ಹಳೇ ಬಾಕಿಗೆ ಜಮಾ ಮಾಡ್ಕೊಂತಾರೆ, ಐದನೇ ಲೋಡ್ ಹಂಗೇ ನಿಲ್ಲುತ್ತೆ. ಸ್ಟೇಷನ್‌ನಾಗೆ ಕೈಗೆ ನಗದು ಕೊಡಬೇಡಿ. ದುಡ್ಡು ಕೊಟ್ಟ ಮಾತ್ರಕ್ಕೆ ಆಗಿಹೋದ ವಂಚನೆ ಅಳಿಸಿಹೋಗಲ್ಲ, ಆದ್ರೆ ಈ ಸೆಕ್ಷನ್ ಕೋರ್ಟ್ ಅನುಮತಿ ಮೇಲೆ ರಾಜಿ ಆಗುವಂಥದ್ದು, ರಾಜಿಗೆ ಕೂರೋಕೆ ಎದುರಿನೋರಿಗೂ ಮನಸ್ಸು ಬರಬೇಕಲ್ಲ.

ನಿಟ್ಟುವಳ್ಳಿ ಹುಡುಗ
ಭಾವ ಕೇಳ್ತಿಲ್ಲ ಸಾರ್, ಸುಳ್ಳು ಕೇಸ್ ಹಾಕಿದಾರೆ ಒಂದು ರೂಪಾಯಿ ಕೊಡಲ್ಲ ಈಗ, ಹೈಕೋರ್ಟ್‌ಗೆ ಹೋಗಿ ರದ್ದು ಮಾಡಿಸ್ತೀನಿ ಅಂತ ಕೂತಾರೆ. ಅಕ್ಕ ಬಳೆ ಇಟ್ಟು ದುಡ್ಡು ತರ್ತೀನಿ ಅಂತಾಳೆ. ಇಬ್ಬರಿಗೂ ಜಗಳ.

ಖಾತೆ ಕಿರ್ದಿ
26ರ ಮೆಸೇಜ್ ನಿಮ್ಮ ಅಕ್ಕನಿಗೆ ತೋರಿಸಿದೀಯಾ?

ನಿಟ್ಟುವಳ್ಳಿ ಹುಡುಗ
ಇನ್ನೂ ಇಲ್ಲ ಮೇಡಂ.

ಹೊಳಲ್ಕೆರೆ ಅಡಿಕೆ
ಸಾರ್ ನನ್ನ ಸೈಟಿಂದು ಯಾರೂ ಹೇಳ್ಲೇ ಇಲ್ಲ.

ದುರ್ಗದ ಕರಿಕೋಟು
ಸ್ಟಾಂಪ್ ಪೇಪರ್‌ಗೂ ಕ್ರಿಮಿನಲ್‌ಗೂ ಸಂಬಂಧ ಇಲ್ಲಪ್ಪ. ಅವನು ಬೇರೆಯೋರಿಗೆ ರಿಜಿಸ್ಟರ್ ಮಾಡಿದ್ದು ನಿನ್ನ ಅಡ್ವಾನ್ಸ್ ತಗೊಂಡ ಮೇಲಾ, ಮುಂಚೆನಾ? ಸಬ್ ರಿಜಿಸ್ಟ್ರಾರ್ ಆಫೀಸಿಂದ ಇಸಿ ತೆಗೆಸಿ ತಾರೀಕು ನೋಡು.

ಹೊಳಲ್ಕೆರೆ ಅಡಿಕೆ
ಅದು ನೋಡಿಲ್ಲ ಸಾರ್. ನಾಳೆ ಹೋಗಿ ಅರ್ಜಿ ಹಾಕ್ತೀನಿ.